ಹದಿಮೂರನೆಯ ಗಂಟು

ನನಗೆ ಲೆಕ್ಕದ ಸೊಕ್ಕಿತ್ತು. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಜತ್ತದ ದವಾಖಾನೆಯಲ್ಲಿ ನರ್ಸಬಾಯಿಯಾಗಿ ಸೇರಿದಾಗ ನನಗೆ ಇಪ್ಪತ್ಮೂರು ವರ್ಷ. ಮಿರಜದಲ್ಲಿ ಹೆರಿಗೆಯ ಕೆಲಸ ಕಲಿತು ಬಂದಿದ್ದೆ. ನಮ್ಮಪ್ಪನದು ಕಿರಾಣಿ ಅಂಗಡಿ. ತಕ್ಕಡಿಯ ಮುಂದೆ ಬೆಳೆದ ಹುಡುಗಿಗೆ ಬೇರೆ ಏನು ಬಾರದಿದ್ದರೂ ಎಣಿಕೆ ಬರುತ್ತದೆ. ಯಾರಾದರೂ ಕೂಸಿನ ಹುಟ್ಟಿದ ತಾರೀಖು ಹೇಳಿದರೆ ಸಾಕು, ಆರು ವಾರ ಯಾವಾಗ ತುಂಬುತ್ತದೆ, ಮೂರು ತಿಂಗಳು ಯಾವಾಗ ತುಂಬುತ್ತದೆ ಎಂದು ಕ್ಯಾಲೆಂಡರ್ ನೋಡದೆ ಹೇಳುತ್ತಿದ್ದೆ. ಡಾಕ್ಟರು ಕನ್ನಡಕದ ಮೇಲಿನಿಂದ ನೋಡಿ ನಗುತ್ತಿದ್ದರು. ಆ ನಗುವನ್ನು ನಾನು ಮೆಚ್ಚುಗೆ ಎಂದೇ ತಿಳಿದಿದ್ದೆ.

ಆಗ ನಮ್ಮ ಡಾಕ್ಟರು ಇಟ್ಟುಕೊಂಡಿದ್ದ ನಿಯಮ ಹೀಗಿತ್ತು. ನಾಯಿಕೆಮ್ಮು, ಗಂಟಲಮಾರಿಗೆ ಮೂರು ಸೂಜಿ. ಮೊದಲನೆಯದು ಆರು ವಾರ ತುಂಬಿದಾಗ, ಎರಡನೆಯದು ಹತ್ತು ವಾರಕ್ಕೆ, ಮೂರನೆಯದು ಹದಿನಾಲ್ಕಕ್ಕೆ. ಮೊದಲನೆಯದೇ ತಡವಾದರೆ ಅಲ್ಲಿಂದ ನಾಲ್ಕು ನಾಲ್ಕು ವಾರ ಬಿಟ್ಟು ಉಳಿದವು. ಸಿಡುಬಿಗೆ ತೋಳಿನ ಮೇಲೆ ಗೀರಿ ಹಾಕುವುದು, ಜನ 'ದೇವಿ ಹಾಕೂದು' ಅನ್ನುತ್ತಿದ್ದರಲ್ಲ, ಅದು ಮೂರು ತಿಂಗಳು ತುಂಬಿದ ಮೇಲೆ, ಆರು ತಿಂಗಳು ದಾಟುವುದರೊಳಗೆ. ಈಗಿನವರು ಬೇರೆ ಪಟ್ಟಿ ಹೇಳುತ್ತಾರೆ. ನಾನು ಹೇಳುತ್ತಿರುವುದು ಆಗಿನದು, ನಮ್ಮ ದವಾಖಾನೆಯದು.

ಇದರಲ್ಲಿ ಎರಡು ಅಳತೆಗಳಿವೆ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ವಾರದ ಲೆಕ್ಕ ಸರಳ. ಸೋಮವಾರ ಹುಟ್ಟಿದ ಕೂಸಿಗೆ ಎಷ್ಟನೆಯ ವಾರ ತುಂಬಿದರೂ ಸೋಮವಾರವೇ ತುಂಬಬೇಕು. ತಿಂಗಳ ಲೆಕ್ಕ ತಾರೀಖಿನದು. ಐದನೆಯ ತಾರೀಖು ಹುಟ್ಟಿದ್ದಕ್ಕೆ ಐದನೆಯ ತಾರೀಖೇ ತಿಂಗಳು ತುಂಬುತ್ತದೆ, ವಾರ ಯಾವುದಾದರೂ ಇರಲಿ. ಮೂವತ್ತೊಂದಕ್ಕೆ ಹುಟ್ಟಿದ ಕೂಸಿಗೆ ಮೂವತ್ತೇ ದಿನದ ತಿಂಗಳು ಬಂದರೆ ಏನು ಮಾಡಬೇಕೆಂದು ಕೇಳಿದ್ದೆ. "ಮರುದಿನ ಒಂದನೇ ತಾರೀಖು ಹಿಡಿ" ಎಂದಿದ್ದರು ಡಾಕ್ಟರು. ನಾಲ್ಕು ವಾರಕ್ಕೆ ಒಂದು ತಿಂಗಳು ಎಂದು ಎಣಿಸುವವರು ಮೂರು ತಿಂಗಳಿಗೆ ಹನ್ನೆರಡು ವಾರ ಎಂದುಬಿಡುತ್ತಾರೆ. ಹನ್ನೆರಡು ವಾರಕ್ಕೆ ಎಂಬತ್ನಾಲ್ಕು ದಿನ. ಮೂರು ತಿಂಗಳಿಗೆ ಇನ್ನೂ ಒಂದು ವಾರದಷ್ಟು ಬೇಕು. ಹಾಗೆ ಎಣಿಸಿಕೊಂಡು ಬಂದ ತಾಯಂದಿರನ್ನು ನಾನು ಬೈದು ವಾಪಸ್ ಕಳಿಸುತ್ತಿದ್ದೆ. ಬೈಯುವುದರಲ್ಲೂ ನಾನೇ ಮುಂದು.

ಈಗ ಹೇಳುವುದು ಭಾದ್ರಪದ ಮಾಸ ಎರಡು ಸಲ ಬಂದ ವರ್ಷದ ಮಾತು. ನವೆಂಬರ್ ಹನ್ನೊಂದು, ಶುಕ್ರವಾರ, ದರಿಬಡಚಿಯ ಚಾವಡಿಯಲ್ಲಿ ಕುಳಿತಿದ್ದೆ. ನಾಲ್ಕು ವಾರಕ್ಕೊಮ್ಮೆ ಆ ಊರಿನ ಪಾಳಿ. ಮಿರಜದಿಂದ ಎಸ್.ಟಿ. ಬಸ್ಸಿನಲ್ಲಿ ಬರ್ಫ ಬಂದರೆ ಅದನ್ನು ಥರ್ಮಾಸಿನಲ್ಲಿ ತುಂಬಿಕೊಂಡು, ಅದರೊಳಗೆ ಔಷಧದ ಶೀಸೆ ಇಟ್ಟುಕೊಂಡು, ನಸುಕಿನಲ್ಲೇ ಚಕ್ಕಡಿ ಹತ್ತುತ್ತಿದ್ದೆ. ಬರ್ಫ ಕರಗುವುದರೊಳಗೆ ಕೆಲಸ ಮುಗಿಯಬೇಕು. ಹಾಗಾಗಿ ನನ್ನ ಸಿಟ್ಟು ಹೊತ್ತೇರಿದಂತೆ ಏರುತ್ತಿತ್ತು.

ಕುರಿ ಕಾಯುವ ಮನೆತನದ ಒಬ್ಬ ಮುದುಕಿ ಸೊಸೆಯನ್ನು ಮುಂದೆ ಮಾಡಿಕೊಂಡು ಬಂದಳು. ಸೊಸೆಯ ಮಡಿಲಲ್ಲಿ ಗಂಡು ಕೂಸು. ಸೊರಗಿತ್ತು. ಬಾಣಂತಿತನದಲ್ಲಿ ತಾಯಿಗೆ ಜ್ವರ ಬಂದು ಹಾಲು ಬತ್ತಿತ್ತಂತೆ. ಹೆರಿಗೆ ತವರಾದ ಸನಮಡಿಯಲ್ಲಿ ಆಗಿದ್ದರಿಂದ ದರಿಬಡಚಿಯ ಪಾಟೀಲರ ಜನನದ ವಹಿಯಲ್ಲಿ ಕೂಸಿನ ಹೆಸರಿರಲಿಲ್ಲ. ತಾಯಿ ಕೂಸು ಈ ಊರಿಗೆ ಬಂದು ನಾಲ್ಕೇ ದಿನವಾಗಿತ್ತು. ಹುಟ್ಟಿದ್ದು ಯಾವಾಗ ಎಂದು ಕೇಳಿದರೆ ಸೊಸೆ ಸೆರಗಿನ ಗಂಟು ಬಿಚ್ಚಿ ಒಂದು ಚೀಟಿ ಕೊಟ್ಟಳು. ಹೆಸರಿಡಲು ಅಕ್ಷರ ಕೇಳಿದಾಗ ದರಿಬಡಚಿಯ ಮಠದ ಅಯ್ಯನವರು ಬರೆದುಕೊಟ್ಟದ್ದು. 'ಭಾದ್ರಪದ ಹುಣ್ಣಿಮೆ, ಗಂಡು' ಎಂದಿತ್ತು.

ಭಾದ್ರಪದ ಹುಣ್ಣಿಮೆ ಎಂದರೆ ನಮ್ಮ ಕಡೆ ಜೋಕುಮಾರನ ಹುಣ್ಣಿಮೆ. ಗಣಪತಿ ಹೋದ ಮೇಲೆ ಬರುವುದು. ಆ ವರ್ಷ ಅದು ಅಕ್ಟೋಬರ್ ಒಂದಕ್ಕೆ ಬಂದಿತ್ತು. ನನ್ನ ತಲೆ ತಾನಾಗಿಯೇ ಓಡಿತು. ಒಂದರಿಂದ ಮೂವತ್ತೊಂದಕ್ಕೆ ಮೂವತ್ತು ದಿನ, ನವೆಂಬರಿನ ಹನ್ನೆರಡು ಸೇರಿದರೆ ನಲವತ್ತೆರಡು. ಅಂದರೆ ಆರು ವಾರ ತುಂಬುವುದು ನಾಳೆ, ಶನಿವಾರ. ಮೂರು ತಿಂಗಳು ತುಂಬುವುದು ಜನವರಿ ಒಂದಕ್ಕೆ.

"ಒಂದು ದಿನ ಕಡಿಮಿ ಅದ" ಎಂದೆ. "ನಾಳಿಗಿ ಜತ್ತಕ್ಕ ಕರಕೊಂಡ ಬರ್ರಿ. ಇಲ್ಲಾ ಅಂದ್ರ ಮುಂದಿನ ಪಾಳಿಗಿ, ಡಿಸೆಂಬರ್ ಒಂಬತ್ತಕ್ಕ. ದೇವಿ ಹಾಕೂದು ಜನವರಿ ಒಂದರ ಮ್ಯಾಲ."

ಮುದುಕಿ ಎದ್ದು ಹೋಗಲಿಲ್ಲ.

"ಜನವರಿಗಿ ನಾವು ಎಲ್ಲಿರ್ತೀವ್ರಿ ಬಾಯಾರ? ಡಿಸೆಂಬರ್ ನಾಕಕ್ಕ, ಆಯಿತ್ವಾರ, ಕುರಿ ಹೊಡಕೊಂಡು ಹೊಳಿ ಕಡಿ ಹೊಂಟೀವಿ. ಮಳಿ ಬೀಳೂತನಕ ಬರೂದಿಲ್ಲ. ದೇವಿ ಹಾಕಿಸಿಕೊಂಡ ಹೋಗಬೇಕು."

"ಹೊಂಟೀರಿ ಅಂತ ಕೂಸಿನ ವಯಸ್ಸ ಹೆಚ್ಚಾಗ್ತದೇನ ಆಯಿ?"

"ವಯಸ್ಸ ಐತ್ರೀ. ಹತ್ತು ವಾರ ಇವತ್ತಿಗಿ."

ನನಗೆ ಸಿಟ್ಟು ಬಂತು. ಕೆಲಸ ಬೇಗ ಮುಗಿಸಿಕೊಳ್ಳಲು ವಯಸ್ಸು ಏರಿಸಿ ಹೇಳುವವರನ್ನು ನಾನು ನೋಡಿದ್ದೆ. "ಅಯ್ಯನೋರು ಬರದಾರ. ಓದಲಿಕ್ಕಿ ಬರ್ತದೇನ ನಿಮಗ?" ಎಂದುಬಿಟ್ಟೆ. ಆ ಮಾತು ನೆನಪಾದಾಗ ಈಗಲೂ ಕೆನ್ನೆ ಬಿಸಿಯಾಗುತ್ತದೆ.

ಮುದುಕಿ ಬೇಸರ ಮಾಡಿಕೊಳ್ಳಲಿಲ್ಲ. "ಓದಲಿಕ್ಕಿ ಬರೂದಿಲ್ರಿ" ಎಂದಳು. "ಆದ್ರ ಒಂದ ಮಾತ ಹೇಳ್ರಿ. ಆರು ವಾರ ನಾಳಿಗಿ ತುಂಬತಾವ ಅಂದ್ರಿ. ನಾಳಿಗಿ ಶನಿವಾರ. ಶುಕ್ರವಾರ ಹುಟ್ಟಿದ ಕೂಸಿಗಿ ಶನಿವಾರ ಹ್ಯಾಂಗ ವಾರ ತುಂಬತೈತ್ರಿ?"

ಬೆರಳು ಮಡಿಸಿ ಮತ್ತೊಮ್ಮೆ ಎಣಿಸಿದೆ.

ಅದು ನನ್ನದೇ ಸೂತ್ರ. ಯಾವ ವಾರ ಹುಟ್ಟಿತೋ ಅದೇ ವಾರ. ಅಕ್ಟೋಬರ್ ಒಂದು ಶನಿವಾರವಾಗಿತ್ತು. ಕೂಸು ಶುಕ್ರವಾರ ಹುಟ್ಟಿದ್ದು ನಿಜವಾದರೆ ಅಕ್ಟೋಬರ್ ಒಂದು ಸುಳ್ಳು. "ಶುಕ್ರವಾರ ಅಂತ ಖಾತ್ರಿ ಏನ?" ಎಂದು ಕೇಳಿದೆ, ದನಿ ಸ್ವಲ್ಪ ಇಳಿಸಿ.

ಮುದುಕಿ ಸೊಂಟದಿಂದ ಒಂದು ಹುರಿ ತೆಗೆದಳು. ಕರಿ ಉಣ್ಣೆಯದು, ಅವಳೇ ನೂತದ್ದು. ಒಂದು ತುದಿಯಲ್ಲಿ ಸಣ್ಣ ಕೆಂಪು ಬಟ್ಟೆಯ ಚೂರು, ಅದು ಕೂಸು ಹುಟ್ಟಿದ ದಿನದ ಗುರುತು. ಅಲ್ಲಿಂದ ಮುಂದೆ ಗಂಟುಗಳು. ಸುದ್ದಿ ಬಂದ ದಿನವೇ ಹುರಿ ಹಿಡಿದು, ಆಮೇಲೆ ಪ್ರತಿ ಶುಕ್ರವಾರ ಬೆಳಿಗ್ಗೆ ಕುರಿ ಬಿಡುವ ಮೊದಲು ಒಂದೊಂದು ಗಂಟು ಹಾಕಿದ್ದಳಂತೆ. ಹುರಿಯನ್ನು ನನ್ನ ಕೈಗೆ ಕೊಟ್ಟು, "ಎಣಿಸ್ರಿ" ಎಂದಳು.

ಹತ್ತು ಗಂಟು. ಹತ್ತನೆಯದು ಆ ದಿನ ಬೆಳಿಗ್ಗೆ ಹಾಕಿದ್ದು, ಇನ್ನೂ ಸಡಿಲವಾಗಿತ್ತು. ನಾನು ಕ್ಯಾಲೆಂಡರ್ ತೆಗೆದು ಒಂದೊಂದು ಗಂಟಿಗೆ ಒಂದೊಂದು ಶುಕ್ರವಾರ ಹಿಂದೆ ಸರಿದೆ. ನವೆಂಬರ್ ನಾಲ್ಕು. ಅಕ್ಟೋಬರ್ ಇಪ್ಪತ್ತೆಂಟು, ಇಪ್ಪತ್ತೊಂದು, ಹದಿನಾಲ್ಕು, ಏಳು. ಸೆಪ್ಟೆಂಬರ್ ಮೂವತ್ತು, ಇಪ್ಪತ್ಮೂರು, ಹದಿನಾರು, ಒಂಬತ್ತು. ಹತ್ತನೆಯದಕ್ಕೆ ಕೆಂಪು ಬಟ್ಟೆಯ ಚೂರಿನ ಹತ್ತಿರ ಬಂದು ನಿಂತೆ. ಸೆಪ್ಟೆಂಬರ್ ಎರಡು. ಕ್ಯಾಲೆಂಡರಿನಲ್ಲಿ ಆ ಚೌಕದೊಳಗೂ ದುಂಡು ಚಂದ್ರನ ಗುರುತಿತ್ತು. ಅದೂ ಹುಣ್ಣಿಮೆ, ಅದೂ ಭಾದ್ರಪದ. ಅಧಿಕ ಭಾದ್ರಪದ.

ಚಾವಡಿಯ ಪಕ್ಕದಲ್ಲೇ ಮಠ. ಗಲಾಟೆ ಕೇಳಿ ಅಯ್ಯನವರೂ ಕಟ್ಟೆಗೆ ಬಂದಿದ್ದರು. ಚೀಟಿ ತೋರಿಸಿ, "ಅಯ್ಯನೋರ, ಇದು ಯಾವ ಭಾದ್ರಪದರಿ?" ಎಂದೆ.

"ಅಧಿಕ."

"ಮತ್ತ ಅಧಿಕ ಅಂತ ಬರೀಬೇಕಿಲ್ಲೇನ್ರಿ?"

"ಯಾಕ ಬರೀಬೇಕವಾ? ಅಧಿಕ ಮಾಸ ವರ್ಷಾ ಬರತೈತೇನು? ಅದರಾಗ ಹುಟ್ಟಿದವರ ಹುಟ್ಟಿದ ತಿಥಿ ನಿಜ ಮಾಸದಾಗ ಹಿಡೀತಾರ. ಮುಂದ ಕೂಸಿನ ಆರತಿ ಮಾಡೂದು ಭಾದ್ರಪದ ಹುಣ್ಣಿವಿಗೇ. ಅದಕ್ಕ ಹಾಂಗ ಬರದೀನಿ." ಗಡ್ಡ ನೀವಿಕೊಂಡು ಸೇರಿಸಿದರು: "ನಾ ಬರದದ್ದು ಆರತಿ ಲೆಕ್ಕ. ನೀ ಓದಿದ್ದು ಸೂಜಿ ಲೆಕ್ಕ. ನೀ ಕೇಳಲಿಲ್ಲ, ನಾ ಹೇಳಲಿಲ್ಲ."

ಅವರದೇನೂ ತಪ್ಪಿಲ್ಲ. ಆ ಅಧಿಕ ಮಾಸದಲ್ಲಿ ನಮ್ಮ ಪಕ್ಕದ ಮನೆಯವರು ರೂಢಿಯಂತೆ ಅಳಿಯನಿಗೆ ಅಕ್ಕಿ ಬೆಲ್ಲದಲ್ಲಿ ಕರಿದ ಮೂವತ್ಮೂರು ಅನಾರಸ ಕೊಟ್ಟಾಗ ಅದರಲ್ಲಿ ಎರಡನ್ನು ತಿಂದವಳು ನಾನೇ. ಭಾದ್ರಪದ ಎರಡು ಬಂದದ್ದು ನಾಲಿಗೆಗೆ ಗೊತ್ತಿತ್ತು, ತಲೆಗೆ ಹೊಳೆಯಲಿಲ್ಲ. ಹತ್ತು ವಾರದ ಕೂಸನ್ನು, ಸೊರಗಿದೆ ಎಂಬ ಒಂದೇ ಕಾರಣಕ್ಕೆ, ಆರು ವಾರದ್ದೆಂದು ನನ್ನ ಕಣ್ಣೂ ಒಪ್ಪಿಕೊಂಡಿತ್ತು.

"ತಪ್ಪಾತ ಆಯಿ" ಎಂದೆ. ನನಗೆ ಅಷ್ಟು ಹೇಳುವುದೇ ದೊಡ್ಡ ಕೆಲಸ.

"ಇರಲಿ ಬಿಡ್ರಿ. ಸೂಜಿ ಹಾಕ್ರಿ ಮೊದಲ, ಬರ್ಫ ಕರಗತೈತಿ" ಎಂದಳು ಮುದುಕಿ.

ಮೊದಲ ಸೂಜಿ ಹಾಕಿದೆ. ಕೂಸು ಚೀರಿದ್ದಕ್ಕೆ ತಾಯಿಯೂ ಅತ್ತಳು. ಆಮೇಲೆ ಹೊಸದಾಗಿ ಲೆಕ್ಕ ಮಾಡಿದೆ, ಈ ಸಲ ಬಾಯಿ ಬಿಟ್ಟು, ಮುದುಕಿಗೆ ಕೇಳುವಂತೆ. ಸೆಪ್ಟೆಂಬರ್ ಎರಡರಿಂದ ಮೂರು ತಿಂಗಳು ಎಂದರೆ ಡಿಸೆಂಬರ್ ಎರಡು. ಅದೂ ಶುಕ್ರವಾರ. ಅವರು ಹೊರಡುವುದು ನಾಲ್ಕಕ್ಕೆ. ನಡುವೆ ಒಂದೇ ದಿನ. ಅದು ನನ್ನ ಪಾಳಿಯ ದಿನವಲ್ಲವಾದ್ದರಿಂದ ಜತ್ತಕ್ಕೇ ಬರಬೇಕು.

"ಇನ್ನ ಎಷ್ಟು ಗಂಟ್ರಿ?" ಮುದುಕಿ ಕೇಳಿದಳು.

"ಮೂರು. ಹದಿಮೂರನೇ ಗಂಟು ಹಾಕಿದ ದಿನ ಬರ್ರಿ."

"ಹದಿಮೂರ?" ಎಂದು ಅವಳು ನನ್ನ ಮುಖವನ್ನೇ ನೋಡಿದಳು. "ಹನ್ನೆರಡ ಅಲ್ಲಲ್ಲಾ?"

"ಹನ್ನೆರಡ ವಾರಕ್ಕ ಮೂರು ತಿಂಗಳ ತುಂಬೂದಿಲ್ಲ ಆಯಿ" ಎಂದು ನಾನು ಎಂದಿನ ಪಾಠ ಶುರುಮಾಡಿದೆ.

"ಗೊತ್ತೈತ್ರಿ" ಎಂದಳು. ಅಷ್ಟೇ ಹೇಳಿ ಹುರಿಯನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಡಿಸೆಂಬರ್ ಎರಡರ ಬೆಳಿಗ್ಗೆ ನಾನು ದವಾಖಾನೆಯ ಬಾಗಿಲಿಗೂ ರಸ್ತೆಗೂ ನಡುವೆ ಎಷ್ಟು ಸಲ ಓಡಾಡಿದೆನೋ. ಡಾಕ್ಟರು, "ಬೀಗರು ಬರ್ತಾರೇನು?" ಎಂದು ಚೇಷ್ಟೆ ಮಾಡಿದರು. ಊಟದ ಹೊತ್ತಿಗೆ ಅತ್ತೆ ಸೊಸೆ ಬಂದರು. ಜೋಳದ ಮೂಟೆ ಹೇರಿದ ಯಾರದೋ ಚಕ್ಕಡಿಯಲ್ಲಿ ಅರ್ಧ ದಾರಿ, ಉಳಿದದ್ದು ನಡಿಗೆ. ಕೂಸು ಮೂರು ವಾರದಲ್ಲಿ ತುಸು ತುಂಬಿಕೊಂಡಿತ್ತು, ನನ್ನನ್ನು ನೋಡಿ ನಕ್ಕಿತು. ಪಾಪ, ಅದಕ್ಕೇನು ಗೊತ್ತು.

ತೋಳು ಒರೆಸಿ, ಔಷಧದ ಹನಿ ಇಟ್ಟು ಗೀರಿದೆ. ಮುದುಕಿ ಕೂಸಿನ ತೋಳಿನಿಂದ ಕಣ್ಣು ತೆಗೆಯಲಿಲ್ಲ. "ಏಳೆಂಟು ದಿನಕ್ಕ ಗುಳ್ಳಿ ಏಳಬೇಕು. ಎದ್ರ ಔಷಧ ಹತ್ತೇತಿ ಅಂತ ತಿಳೀರಿ. ಏಳಲಿಲ್ಲ ಅಂದ್ರ ದಾರ್‍ಯಾಗ ಯಾವ ದವಾಖಾನಿ ಇದ್ದರೂ ಹೋಗಿ ಮತ್ತ ಹಾಕಿಸ್ರಿ" ಎಂದು ಹೇಳಿ ಒಂದು ಕಾಗದ ಬರೆದುಕೊಟ್ಟೆ. ಎರಡನೆಯ ಸೂಜಿ ಡಿಸೆಂಬರ್ ಒಂಬತ್ತು, ಮೂರನೆಯದು ಜನವರಿ ಆರು, ಎರಡೂ ಶುಕ್ರವಾರ. ಮೊದಲನೆಯದು ತಡವಾಗಿದ್ದರಿಂದ ಅಲ್ಲಿಂದ ನಾಲ್ಕು ನಾಲ್ಕು ವಾರ. ಕಾಗದವನ್ನು ಸೊಸೆಗೆ ಕೊಟ್ಟೆ. ಮುದುಕಿ ತನಗೆ ಗಂಟಿನಲ್ಲಿ ಹೇಳೆಂದಳು. ಇನ್ನೊಂದು ಗಂಟಿಗೆ ಎರಡನೆಯ ಸೂಜಿ, ಅದಾಗಿ ನಾಲ್ಕು ಗಂಟಿಗೆ ಮೂರನೆಯದು ಎಂದೆ. ಹೂಂ ಎಂದಳು.

ಎಲ್ಲ ಮುಗಿದ ಮೇಲೆ ಸೊಸೆ ಕೂಸಿಗೆ ಹಾಲು ಕೊಡಲು ಒಳಗಿನ ಮೂಲೆಗೆ ಹೋದಳು. ಆಗ ನಾನು, ಸುಮ್ಮನೆ ಮಾತಿಗೆಂದು, "ಗಂಟ ಹಾಕೂದು ನಿಮ್ಮ ಮನಿ ಪದ್ಧತಿ ಏನ ಆಯಿ?" ಎಂದು ಕೇಳಿದೆ.

"ಕುರಿ ಎಣಸೂದಕ್ಕ ಹಾಕ್ತೀವ್ರಿ. ಕೂಸಿಗಿ ಹಾಕಿದ್ದು ಇದೇ ಮೊದಲ." ಅವಳ ದನಿ ಮೆಲ್ಲಗಿತ್ತು. "ಎರಡ ವರ್ಷದ ಹಿಂದ ಇವನ ಅಕ್ಕನ್ನ ತಂದಿದ್ವಿ, ಇಲ್ಲಿಗೇ. ಹನ್ನೆರಡ ವಾರ ಆಗಿತ್ತು. ಮೂರ ತಿಂಗಳಾತು ಅಂತ ನಾವು ತಿಳದಿದ್ವಿ. ಬಾಯಾರು ಎಂಟ ದಿನ ಕಡಿಮಿ ಅದ, ಮುಂದಿನ ವಾರ ಬರ್ರಿ ಅಂದ್ರು. ಮುಂದಿನ ವಾರ ನಾವು ಹೊಳಿ ದಂಡಿಗಿದ್ವಿ. ಹೋಳಿಹುಣ್ಣಿವಿ ಮುಂದ ಅಲ್ಲಿ ದೇವಿ ಬಂದಳು. ಹುಡಿಗಿ ಉಳೀಲಿಲ್ಲ."

ಯಾವ ನರ್ಸಬಾಯಿ ಎಂದು ಕೇಳುವ ಅಗತ್ಯವಿರಲಿಲ್ಲ. ಆ ದವಾಖಾನೆಯಲ್ಲಿ ನನ್ನನ್ನು ಬಿಟ್ಟರೆ ಬೇರೆ ಬಾಯಿ ಇರಲಿಲ್ಲ.

"ನಾನ ಏನ ಆಯಿ ಅದು?" ಎಂದು ಆದರೂ ಕೇಳಿದೆ.

"ನೀವ ರೀ." ಅವಳು ನನ್ನ ಕೈ ಹಿಡಿದಳು. ಉಣ್ಣೆ ನೂತು ನೂತು ಒರಟಾದ ಬೆರಳು. "ನಿಮ್ಮ ಮ್ಯಾಲ ಸಿಟ್ಟಿಲ್ಲ. ನೀವು ಲೆಕ್ಕ ಖರೇನ ಹೇಳಿದ್ರಿ. ನಮಗ ಲೆಕ್ಕ ಬರಲಿಲ್ಲ. ಅದಕ್ಕ ಈ ಸಲ ಕಲತ ಬಂದೆ."

ಅವರು ಹೋದ ಮೇಲೆ ಹಳೆಯ ವಹಿ ತೆಗೆದೆ. ಎರಡು ವರ್ಷ ಹಿಂದಿನ ಪುಟಗಳನ್ನು ತಿರುವಿದೆ. ಸಿಕ್ಕಿತು. ದರಿಬಡಚಿ, ಹೆಣ್ಣು, ಎಂಬತ್ನಾಲ್ಕು ದಿನ, 'ಎಂಟು ದಿನ ಕಡಿಮೆ, ವಾಪಸ್ ಕಳಿಸಿದೆ' ಎಂದು ಮರಾಠಿಯಲ್ಲಿ ನನ್ನದೇ ದುಂಡು ಅಕ್ಷರ. ಕೆಳಗೆ ಒಂದು ಗೆರೆ ಎಳೆದಿದ್ದೆ, ಲೆಕ್ಕ ಸರಿಯಾಗಿದೆ ಎನ್ನುವ ಹುಮ್ಮಸ್ಸಿನ ಗೆರೆ. ಆ ಮುಖ ನನಗೆ ನೆನಪೇ ಇರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿದ್ದು. ಅಲ್ಲೇ ಕುಳಿತು ಅತ್ತೆ.

ವಹಿಯನ್ನು ಡಾಕ್ಟರ ಮುಂದೆ ಇಟ್ಟೆ. ಓದಿದರು. ಈ ಸಲ ನಗಲಿಲ್ಲ.

"ಎಂಟ ದಿನ ಮೊದಲ ಹಾಕಿದ್ರ ಏನಾಗ್ತಿತ್ರಿ?" ಎಂದು ಕೇಳಿದೆ.

"ಏನೂ ಆಗ್ತಿದ್ದಿಲ್ಲ" ಎಂದರು. "ಊರ ಬಿಟ್ಟು ಹೋಗೋ ಮಂದಿ ಅಂದ್ರ ಹಾಕಿಬಿಡಬೇಕಾಗಿತ್ತು. ಸೂಜಿ ಲೆಕ್ಕ ಬ್ಯಾರೆ, ಅದಕ್ಕ ಅವಸರ ಮಾಡಬಾರದು. ದೇವಿಗೆ ಎಂಟ ದಿನ ದೊಡ್ಡದಲ್ಲ. ನನ್ನ ಒಂದ ಮಾತ ಕೇಳಬೇಕಿಲ್ಲೇನು?"

ಕೇಳಬೇಕಿತ್ತು. ನನಗೆ ಉತ್ತರ ಗೊತ್ತಿದೆ ಎಂದುಕೊಂಡಿದ್ದರಿಂದ ಕೇಳಿರಲಿಲ್ಲ. ಡಾಕ್ಟರು ಇನ್ನೂ ಏನೋ ಸಮಾಧಾನ ಹೇಳಿದರು, ಮೂರು ತಿಂಗಳೆಂದು ಬರೆದುಕೊಟ್ಟವನು ತಾನೇ ಎಂದೂ ಅಂದರು. ಅದು ದೊಡ್ಡ ಮನಸ್ಸು. ಆದರೆ ವಾಪಸ್ ಕಳಿಸಿದವಳು ನಾನು.

ಆ ಚಳಿಗಾಲ ಕಳೆಯಲಿಲ್ಲ, ತೆವಳಿತು. ಹೊಳೆ ಕಡೆಯಿಂದ ಯಾರು ಬಂದರೂ ಆ ಕುಟುಂಬದ ಸುದ್ದಿ ಕೇಳುತ್ತಿದ್ದೆ. ಹೋಳಿ ಹುಣ್ಣಿಮೆ ಹತ್ತಿರ ಬಂದಾಗ ರಾತ್ರಿ ನಿದ್ದೆ ಇರಲಿಲ್ಲ. ಗುಳ್ಳೆ ಎದ್ದಿತೋ ಇಲ್ಲವೋ, ನನ್ನ ಔಷಧ ಬಿಸಿಲಿಗೆ ಕೆಟ್ಟಿತ್ತೋ ಏನೋ. ಎಣಿಸಬಲ್ಲವಳಿಗೆ ಕಾಯಲು ಬರುತ್ತಿರಲಿಲ್ಲ.

ಜೂನಿನಲ್ಲಿ ಮೃಗಶಿರದ ಮಳೆ ಬಿದ್ದ ಮೇಲೆ ನಾನು ದರಿಬಡಚಿಯ ಪಾಳಿಗೆ ಹೋದಾಗ ಚಾವಡಿಯ ಕಟ್ಟೆಯ ಮೇಲೆ ಮುದುಕಿ ಮೊದಲೇ ಬಂದು ಕುಳಿತಿದ್ದಳು. ತೊಡೆಯ ಮೇಲೆ ಒಂಬತ್ತು ತಿಂಗಳ ಕೂಸು, ಹುರಿ ಕಡಿಯುತ್ತ. ನಾನು ಚಕ್ಕಡಿ ನಿಲ್ಲುವುದರೊಳಗೆ ಧುಮುಕಿ, ನಮಸ್ಕಾರವನ್ನೂ ಮಾಡದೆ ಅಂಗಿಯ ತೋಳು ಮೇಲೆ ಸರಿಸಿದೆ. ಕಲೆಗಳು ಒಳ್ಳೆ ಗುಂಡಗೆ ಎದ್ದು ಮಾಗಿದ್ದವು. ಬೆರಳಿನಿಂದ ಸವರಿ ನೋಡಿದೆ.

"ಎರಡನೇ ಸೂಜಿ ಮಿರಜದಾಗ ಹಾಕಿಸಿದ್ವಿ. ಮೂರನೇದ್ದು ತಪ್ಪೇತಿ, ಕುರಿ ಮುಂದ ಹೋಗಿದ್ವು" ಎಂದಳು ಮುದುಕಿ, ತಪ್ಪೊಪ್ಪಿಕೊಳ್ಳುವ ದನಿಯಲ್ಲಿ.

"ತಪ್ಪಿದ್ರ ತಪ್ಪಲಿ ಆಯಿ. ಇವತ್ತ ಹಾಕೂಣು. ಮೊದಲಿಂದ ಶುರು ಮಾಡೂದು ಬ್ಯಾಡ" ಎಂದೆ. ನನ್ನ ಬಾಯಿಂದ ಅಂಥ ಮಾತು ಬಂದದ್ದು ಆ ಊರಿಗೆ ಹೊಸದು. ಕಟ್ಟೆಯ ಮೇಲಿದ್ದ ಅಯ್ಯನವರು ತಿರುಗಿ ನೋಡಿದರು.

ಹುರಿಯನ್ನು ಮುದುಕಿ ನನಗೇ ಕೊಟ್ಟಳು, ಹದಿಮೂರನೆಯ ಗಂಟಿನಲ್ಲಿ ಇನ್ನೊಂದು ಕೆಂಪು ಚೂರು ಸಿಕ್ಕಿಸಿತ್ತು. ಬಹಳ ವರ್ಷ ಅದನ್ನು ವಹಿಗೆ ಕಟ್ಟುವ ದಾರವಾಗಿ ಬಳಸಿದೆ. ವಹಿಯಲ್ಲಿ ಎರಡು ಹೊಸ ಸಾಲು ಹಾಕಿಕೊಂಡೆ: ಯಾವ ವಾರ ಹುಟ್ಟಿದ್ದು, ಅಧಿಕವೋ ನಿಜವೋ. ಲೆಕ್ಕ ಮಾಡುವುದನ್ನು ನಾನು ಬಿಡಲಿಲ್ಲ, ಬಿಡಬಾರದು ಕೂಡ. ಆದರೆ ಅಂದಿನಿಂದ ಯಾರಾದರೂ ಕೂಸನ್ನು ತಂದು ಎದುರಿಗೆ ಕುಳಿತರೆ ಹುಟ್ಟಿದ್ದು ಯಾವಾಗ ಎಂದು ಮೊದಲು ಕೇಳುತ್ತಿರಲಿಲ್ಲ.

"ಕುಂದ್ರಿ" ಅನ್ನುತ್ತಿದ್ದೆ. "ಊರ ಬಿಟ್ಟು ಎಂದ ಹೊಂಟೀರಿ?"